ನಾಲ್ಕು ಸಾಲಿನ ಚೀಟಿ

ಅಕ್ಕನ ಮಗಳು ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ಬೆಂಗಳೂರಿನ ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಿಂದ ಅವಳಿಗೆ ಸಂದರ್ಶನದ ಕರೆ ಬಂತು. ಹತ್ತು ದಿನ ಟೈಮಿತ್ತು. ನಾನು ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಬಹಳ ವರ್ಷ ಕೂತವನು ಅನ್ನೋ ಕಾರಣಕ್ಕೆ ಅಕ್ಕ ಅವಳನ್ನು ನನ್ನ ಮುಂದೆ ಕೂರಿಸಿದಳು. "ಮೇಲಿನವರು ಒಪ್ಪದ ಕೆಲಸವನ್ನು ಒಪ್ಪಿಸಿ ಮಾಡಿದ ಒಂದು ಸಂದರ್ಭ ಹೇಳಮ್ಮ" ಅಂದೆ. ಅವಳು ಶುರು ಮಾಡಿದ್ದು ಹೀಗೆ: "ಅದು ಏನಾತು ಅಂದ್ರೆ ಮಾಮ, ನಮ್ಮ ಲ್ಯಾಬ್ ಇರೋದು ಮೇನ್ ರೋಡಲ್ಲಿ, ಮೊದ್ಲು ಅದು ಚಿಕ್ಕದಿತ್ತು, ಆಮೇಲೆ ಮ್ಯಾಲಿನ ಮಹಡಿನೂ ತಗಂಡ್ರು..." ಫೋನಿನ ಗಡಿಯಾರ 1 ನಿಮಿಷ 50 ಸೆಕೆಂಡ್ ತೋರಿಸುವಾಗ ಕಥೆ ಇನ್ನೂ ಮಹಡಿಯ ಮೇಲೇ ಇತ್ತು.

ಹೇಳಲಿಕ್ಕೆ ಅವಳ ಹತ್ತಿರ ಒಳ್ಳೆಯ ಸಂಗತಿಯೇ ಇತ್ತು. ಅದಕ್ಕೊಂದು ಕಟ್ಟು ಇರಲಿಲ್ಲ ಅಷ್ಟೆ. ಮುಂದಿನ ಹತ್ತು ದಿನ ನಾವಿಬ್ಬರೂ ಮಾಡಿದ್ದನ್ನೇ ಕ್ರಮವಾಗಿ ಬರೆದಿದ್ದೇನೆ.

1. ಎದುರು ಕೂತವರ ಹಾಳೆಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

"ಒಂದು ಸಂದರ್ಭ ಹೇಳಿ" ಎಂದು ಶುರುವಾಗುವ ಪ್ರಶ್ನೆಗಳು ಕಾಲಹರಣಕ್ಕೆ ಕೇಳುವಂಥವಲ್ಲ. ಹಿಂದೆ ಹೇಗೆ ನಡೆದುಕೊಂಡಿದ್ದಾರೋ ಮುಂದೆಯೂ ಹಾಗೇ ನಡೆದುಕೊಳ್ಳುವ ಸಾಧ್ಯತೆ ಹೆಚ್ಚು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಅಮೆರಿಕದ ಡೆವಲಪ್‌ಮೆಂಟ್ ಡೈಮೆನ್ಷನ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1970ರ ದಶಕದಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟಿತು: ಸಿಚುಯೇಷನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್. ಮೊದಲಕ್ಷರ ಸೇರಿಸಿ ಸ್ಟಾರ್ ಅಂತಾರೆ. ಮೊದಲು ಇದು ಅಭ್ಯರ್ಥಿಗಳಿಗಾಗಿ ಇದ್ದದ್ದಲ್ಲ. ಸಂದರ್ಶನ ಮಾಡುವವರು ಟಿಪ್ಪಣಿ ಬರೆದುಕೊಳ್ಳಲು, ಎಲ್ಲರನ್ನೂ ಒಂದೇ ಅಳತೆಯಲ್ಲಿ ತೂಗಲು ಮಾಡಿಕೊಂಡ ವ್ಯವಸ್ಥೆ.

ಎಷ್ಟೋ ಕಡೆ ಸಂದರ್ಶಕರ ಮುಂದಿರುವ ಹಾಳೆಯಲ್ಲಿ ನಿಜವಾಗಿಯೂ ಇಂಥ ಖಾನೆಗಳಿರುತ್ತವೆ. ನೀವು ಮಾತಾಡುವಾಗ ಅವರು ಬರೆಯುತ್ತಾ ಹೋಗುತ್ತಾರೆ. ಸಂಜೆ ಅಂಕ ಕೊಡಲು ಕೂತಾಗ "ರಿಸಲ್ಟ್" ಖಾನೆ ಖಾಲಿ ಇದ್ದರೆ, ಹುಡುಗಿ ಚೆನ್ನಾಗಿ ಮಾತಾಡಿದಳು ಎಂಬ ನೆನಪೊಂದೇ ಉಳಿಯುತ್ತದೆ. ಆ ನೆನಪಿಗೆ ಅಂಕ ಹಾಕಲು ಖಾನೆ ಇಲ್ಲ.

ನಾವು ಇಂಗ್ಲಿಷ್ ಹೆಸರುಗಳನ್ನು ಬಿಟ್ಟು ಚೀಟಿಯ ಮೇಲೆ ಹೀಗೆ ಬರೆದುಕೊಂಡೆವು: ಸಂದರ್ಭ, ಹೊಣೆ, ಮಾಡಿದ್ದು, ಆದದ್ದು. ಕೊನೆಯ ಎರಡು ಹೆಸರುಗಳು ಆಡುಮಾತಿನವಾದ್ದರಿಂದ ಅವಳು ಮಾಡಿದ್ದಕ್ಕೂ ಆಮೇಲೆ ಆದದ್ದಕ್ಕೂ ಇರುವ ಗೆರೆ ತಾನಾಗಿ ಕಾಣುತ್ತಿತ್ತು.

2. ಚೀಟಿ ಬರೆಯುವ ಮೊದಲು ಕಥೆಗಳನ್ನು ಹೆಕ್ಕಿ

"ನನ್ನ ಹತ್ರ ಅಂಥ ಕಥೆ ಯಾವುದೂ ಇಲ್ಲ" ಎಂಬುದು ಎಲ್ಲರೂ ಹೇಳುವ ಮಾತು. ತಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ನಿಜ. ವಾಟ್ಸ್‌ಆ್ಯಪ್‌ನಲ್ಲಿ ಕೆಲಸದ ಗುಂಪನ್ನು ತೆರೆದು ಒಂದು ವರ್ಷ ಹಿಂದಕ್ಕೆ ಹೋಗಿ. ಎಲ್ಲಿ ಸಂದೇಶಗಳು ಒಂದರ ಮೇಲೊಂದು ಬಿದ್ದಿವೆಯೋ ಅಲ್ಲೊಂದು ಘಟನೆ ಇದೆ. ಹಳೆಯ ಮೇಲ್, ದೂರಿನ ಪುಸ್ತಕ, ರಜೆ ರದ್ದಾದ ದಿನ, ರಾತ್ರಿ ತಡವಾಗಿ ಮನೆಗೆ ಬಂದ ದಿನ, ಇವನ್ನೂ ನೋಡಿ. ಅಕ್ಕನ ಮಗಳಿಗೆ ಒಂದು ಮಧ್ಯಾಹ್ನದಲ್ಲಿ 11 ಘಟನೆ ಸಿಕ್ಕವು.

ಪ್ರತಿಯೊಂದಕ್ಕೂ ಎರಡು ಮೂರು ಪದದ ಹೆಸರಿಡಿ: "ಒಂದೇ ಹೆಸರು", "ಐಸ್ ಬಾಕ್ಸ್ ಮರೆತದ್ದು", "ಭಾನುವಾರದ ಕ್ಯಾಂಪ್". ಹೆಸರಿಟ್ಟರೆ ಕಥೆಯನ್ನು ಎತ್ತಿಕೊಳ್ಳಲು ಒಂದು ಹಿಡಿ ಸಿಕ್ಕಂತೆ. ಆಮೇಲೆ ಕೆಲಸದ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಕೇಳಿರುವ ಗುಣಗಳ ಕೆಳಗೆ ಗೆರೆ ಎಳೆದು, ಯಾವ ಘಟನೆ ಯಾವುದಕ್ಕೆ ಹೊಂದುತ್ತದೆ ನೋಡಿ. 6 ಉಳಿಸಿಕೊಂಡರೆ ಸಾಕು. ಅದರಲ್ಲಿ ಒಂದು ಜಗಳದ್ದು, ಒಂದು ನಿಮ್ಮದೇ ತಪ್ಪಿನದು ಕಡ್ಡಾಯವಾಗಿ ಇರಲಿ. ಆ ಎರಡು ಪ್ರಶ್ನೆಗೇ ಜನ ಹೆಚ್ಚು ತಡವರಿಸುವುದು.

3. "ಆದದ್ದು" ಮೊದಲು ಬರೆಯಿರಿ

ಕೊನೆಯ ಖಾನೆಯಿಂದ ಶುರು ಮಾಡಿ. ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕು ಎಂದು ಗೊತ್ತಿದ್ದರೆ ದಾರಿಯಲ್ಲಿ ಯಾವ ವಿವರ ಬೇಡ ಎಂಬುದೂ ಗೊತ್ತಾಗುತ್ತದೆ.

ಅವಳ ಘಟನೆ ಇಷ್ಟು. ಒಂದೇ ಹೆಸರಿನ ಇಬ್ಬರು ಹೆಂಗಸರು ಒಂದೇ ಬೆಳಿಗ್ಗೆ ರಕ್ತ ಕೊಟ್ಟರು. ಒಬ್ಬರಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ. ಇನ್ನೊಬ್ಬರು ಇಪ್ಪತ್ತರ ಆಸುಪಾಸಿನ ಹುಡುಗಿ. ವರದಿ ಅದಲುಬದಲಾಯಿತು. ಹುಡುಗಿಯ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 280 ಅಂತ ನೋಡಿದ ವೈದ್ಯರು ಅನುಮಾನಪಟ್ಟು ಫೋನ್ ಮಾಡಿದ್ದರಿಂದ ಗೊತ್ತಾಯಿತು. ಅಕ್ಕನ ಮಗಳು ಲೇಬಲ್ ಅಂಟಿಸುವ ಕ್ರಮವನ್ನೇ ಬದಲಿಸಿದಳು.

"ಆಮೇಲೆ ಏನಾಯ್ತು?" ಅಂದೆ. "ಚಲೋ ಆತು. ತಪ್ಪು ಕಮ್ಮಿ ಆತು."

ಕಮ್ಮಿ ಆದದ್ದು ಹೇಗೆ ಗೊತ್ತು? ಲ್ಯಾಬಿನಲ್ಲಿ ಎರಡನೇ ಸಲ ರಕ್ತ ತೆಗೆದರೆ ಬರೆಯುವ ರಿಜಿಸ್ಟರ್ ಇರುತ್ತದೆ, ಕಾರಣದ ಸಮೇತ. ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಎಣಿಸಲು ಹೇಳಿದಳು. ಬದಲಾವಣೆಗೆ ಮೊದಲಿನ ಮೂರು ತಿಂಗಳಲ್ಲಿ ಲೇಬಲ್ ತಪ್ಪಿನಿಂದ ಮತ್ತೆ ರಕ್ತ ತೆಗೆದದ್ದು 14 ಸಲ, ಆಮೇಲಿನ ಮೂರು ತಿಂಗಳಲ್ಲಿ 3 ಸಲ. ಚೀಟಿಗೆ ಬೇಕಾದ್ದು ಇದು. ಶೇಕಡಾವಾರು ಲೆಕ್ಕ ಹಾಕಿ ಹೇಳಲು ಹೊರಟಿದ್ದಳು, ಬೇಡ ಅಂದೆ. 14, 3 ಎಂಬ ಸಂಖ್ಯೆಗಳು ಕೇಳಿದವರ ಕಿವಿಯಲ್ಲಿ ಹಾಗೇ ನಿಲ್ಲುತ್ತವೆ. ಶೇಕಡಾ ಹೇಳಿದರೆ "ಎಷ್ಟರಲ್ಲಿ?" ಎಂಬ ಪ್ರಶ್ನೆ ಹೇಗೂ ಬರುತ್ತದೆ.

ಅಂಕಿ ಸಿಗದ ಕಥೆಗಳೂ ಇರುತ್ತವೆ. ಅಂಥ ಕಡೆ ಕಣ್ಣಿಗೆ ಕಾಣುವ ಬದಲಾವಣೆ ಹುಡುಕಿ. ಇವಳು ಬರೆದು ಅಂಟಿಸಿದ ಸೂಚನೆಯ ಹಾಳೆ ಅವಳು ಕೆಲಸ ಬಿಟ್ಟ ಮೇಲೂ ಆ ಗೋಡೆಯ ಮೇಲೇ ಇತ್ತು. ಯಾವುದೂ ಸಿಗದಿದ್ದರೆ ಆ ಕಥೆಯನ್ನೇ ಬಿಡಿ. ಅಂಕಿ ಹುಟ್ಟಿಸಲು ಮಾತ್ರ ಹೋಗಬೇಡಿ. ಹುಟ್ಟಿಸಿದ ಅಂಕಿಯ ಹಿಂದೆ ಇನ್ನೊಂದು ಅಂಕಿ ಕೇಳಿದರೆ ಮುಖವೇ ಹೇಳಿಬಿಡುತ್ತದೆ. ಆಚೆ ಬದಿಯಲ್ಲಿ ಕೂತು ಅದನ್ನು ಎಷ್ಟು ಸಲ ನೋಡಿದ್ದೇನೋ!

4. ಸಂದರ್ಭ: ಎರಡು ವಾಕ್ಯ, ಒಂದು ಚಿತ್ರ

ನಮ್ಮಲ್ಲಿ ಕಥೆ ಹೇಳುವವರಿಗೆ ಊರು, ಓಣಿ, ಕುಲ, ಗೋತ್ರ ಎಲ್ಲ ಆದ ಮೇಲೇ ಕಥೆ ಮುಂದಕ್ಕೆ ಸಾಗುವುದು. ಮನೆಯ ಕಟ್ಟೆಯ ಮೇಲೆ ಅದು ಸೊಗಸು. ಸಂದರ್ಶನದಲ್ಲಿ ಈ ಭಾಗಕ್ಕೆ 20 ಸೆಕೆಂಡ್.

ಕೇಳುವವರಿಗೆ ಮೂರು ಸಂಗತಿ ತಿಳಿದರೆ ಸಾಕು: ಎಲ್ಲಿ, ಎಷ್ಟು ದೊಡ್ಡದು, ಏನು ಕೆಟ್ಟಿತು. ಅವಳದು ಕೊನೆಗೆ ಹೀಗೆ ನಿಂತಿತು: "ನಮ್ಮ ಲ್ಯಾಬಿಗೆ ಬೆಳಿಗ್ಗೆ 7ರಿಂದ 9.30ರೊಳಗೆ 60 ಜನ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಅಂಥದ್ದೇ ಒಂದು ಬೆಳಿಗ್ಗೆ ಒಂದೇ ಹೆಸರಿನ ಇಬ್ಬರ ರಿಪೋರ್ಟ್ ಅದಲುಬದಲಾಯಿತು." ಮೇನ್ ರೋಡು, ಮಹಡಿ, ಮಾಲೀಕರು ಎಲ್ಲ ಉದುರಿದವು.

ಇಲ್ಲಿ ಒಂದು ಎಚ್ಚರಿಕೆ. ರೋಗಿಯ ಹೆಸರು, ಗ್ರಾಹಕರ ಹೆಸರು, ಕಂಪನಿಯ ಒಳಗಿನ ವ್ಯವಹಾರ, ಇವು ಚೀಟಿಯ ಮೇಲೂ ಬೇಡ. ಬರೆದುಕೊಂಡರೆ ಬಾಯಿಗೆ ಬಂದೇ ಬರುತ್ತದೆ. ಹಳೆಯ ಕಡೆಯ ಗುಟ್ಟನ್ನು ಇಲ್ಲಿ ಬಿಟ್ಟುಕೊಟ್ಟವರು ನಾಳೆ ಇಲ್ಲಿಯದನ್ನು ಎಲ್ಲಿ ಹೇಳುತ್ತಾರೋ ಎಂದು ಎದುರಿನವರು ಯೋಚಿಸುತ್ತಾರೆ.

5. ಹೊಣೆ: ನಿಮ್ಮ ತಲೆಯ ಮೇಲೆ ಇದ್ದದ್ದು, ಇಲ್ಲದ್ದು

ನಾಲ್ಕರಲ್ಲಿ ಹೆಚ್ಚು ಜನ ಹಾರಿಸಿಬಿಡುವ ಖಾನೆ ಇದು. ಸಂದರ್ಭ ಹೇಳಿದ ಮೇಲೆ ಹೊಣೆಯೂ ಹೇಳಿದಂತಾಯಿತು ಎಂದುಕೊಳ್ಳುತ್ತಾರೆ. ಸಂದರ್ಭ ಲ್ಯಾಬಿನದು, ಹೊಣೆ ನಿಮ್ಮದು. ಎರಡೂ ಬೇರೆ.

ಮೊದಲ ಸಲ ಕೇಳಿದಾಗ "ಲೇಬಲ್ ಸಮಸ್ಯೆ ಸರಿಮಾಡೋ ಜವಾಬ್ದಾರಿ ನನಗೆ ಕೊಟ್ಟಿದ್ರು" ಅಂದಳು. "ನಿಜವಾಗಿ ಕೊಟ್ಟಿದ್ರಾ?" ಅಂತ ಕೆದಕಿದೆ. ಕೊಟ್ಟಿರಲಿಲ್ಲ. ಅಲ್ಲಿದ್ದ ಐವರಲ್ಲಿ ಅವಳೇ ಕಿರಿಯಳು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಮೇಲ್ವಿಚಾರಕರು ಇಬ್ಬರು ರೋಗಿಗಳಿಗೂ ಕ್ಷಮಾಪಣೆ ಪತ್ರ ಬರೆಯಲು ಹೇಳಿದ್ದರು, ಅಷ್ಟೆ. ಪತ್ರದಲ್ಲಿ "ಹೀಗೆ ಮತ್ತೆ ಆಗದಂತೆ ಕ್ರಮ ಕೈಗೊಂಡಿದ್ದೇವೆ" ಎಂಬ ಸಾಲು ಬರೆಯುವಾಗ ಇವಳ ಕೈ ನಿಂತಿತು. ಯಾವ ಕ್ರಮ? ಹೋಗಿ ಕೇಳಿದಳು. "ಕಾರಣ ಹುಡುಕ್ತೀನಿ ಸರ್, ಒಂದು ವಾರ ಕೊಡಿ" ಅಂದಳು. ಅವರು "ಖರ್ಚಿನ ಮಾತು ಮಾತ್ರ ಎತ್ತಬೇಡ" ಅಂತ ಒಪ್ಪಿದರು.

ಕೊಟ್ಟ ಜವಾಬ್ದಾರಿಗಿಂತ ಈ ನಿಜ ಎಷ್ಟು ಗಟ್ಟಿಯಾಗಿದೆ! ಅದನ್ನೇ ಅವಳು ಮುಚ್ಚಿಟ್ಟು, ದೊಡ್ಡದಾಗಿ ಕೇಳಲಿ ಅಂತ ಸಪ್ಪೆ ಸುಳ್ಳೊಂದನ್ನು ಮುಂದಿಟ್ಟಿದ್ದಳು. ಹೊಣೆಯ ಖಾನೆಯಲ್ಲಿ ನಿಮ್ಮ ಸ್ಥಾನ, ನಿಮಗೆ ಹೇಳಿದ್ದು, ನೀವು ಮೈಮೇಲೆ ಎಳೆದುಕೊಂಡದ್ದು, ಕೈ ಕಟ್ಟಿಹಾಕಿದ್ದು (ದುಡ್ಡು, ಸಮಯ, ಅಧಿಕಾರ) ಬರಲಿ. 15 ಸೆಕೆಂಡಿನ ಮಾತು.

6. ಮಾಡಿದ್ದು: ಕ್ರಿಯಾಪದ ಬರೆಯಿರಿ, ಕರ್ತೃವನ್ನು ಹೊರಗೆಳೆಯಿರಿ

ಎರಡು ನಿಮಿಷದ ಉತ್ತರದಲ್ಲಿ ಅರ್ಧ, ಅಂದರೆ ಒಂದು ಇಡೀ ನಿಮಿಷ ಈ ಖಾನೆಗೆ. ಕನ್ನಡದವರಿಗೆ ಎರಡು ಕಡೆ ಕಾಲು ಜಾರುವುದೂ ಇಲ್ಲೇ.

ಮೊದಲನೆಯದು "ನಾವು". ನಾನು ನಾನು ಅನ್ನುವುದು ನಮ್ಮ ಕಿವಿಗೆ ಅಹಂಕಾರ. ಹಾಗಾಗಿ "ಮಾಡಿದ್ವಿ, ನೋಡಿದ್ವಿ, ಬದಲಾಯಿಸಿದ್ವಿ" ಎಂದು ಹೇಳುತ್ತೇವೆ. ಕೇಳುವವರಿಗೆ ಐದು ಜನರಲ್ಲಿ ನೀವು ಯಾರು ಎಂದು ತಿಳಿಯುವುದಿಲ್ಲ. ಎರಡನೆಯದು ಕಚೇರಿ ಕನ್ನಡದ "ಮಾಡಲಾಯಿತು". ಆದೇಶದ ಭಾಷೆಯಲ್ಲಿ ಯಾರು ಮಾಡಿದರು ಎಂಬುದನ್ನು ಅಡಗಿಸಲು ಅದು ಒಳ್ಳೆಯದು, ಇಲ್ಲಿ ಅದೇ ತೊಡಕು. ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗಲೂ ಇವೆರಡೂ ಹಿಂದೆಯೇ ಬರುತ್ತವೆ.

ಉಪಾಯ ಸುಲಭ. ಚೀಟಿಯ ಈ ಖಾನೆಯಲ್ಲಿ ನಾಮಪದದ ಬದಲು "-ದೆ" ಎಂದು ಮುಗಿಯುವ ಕ್ರಿಯಾಪದಗಳನ್ನು ಬರೆಯಿರಿ: ನೋಡಿದೆ, ಕೇಳಿದೆ, ಬದಲಿಸಿದೆ, ತೋರಿಸಿದೆ. ಕನ್ನಡದಲ್ಲಿ ಆ ಒಂದು ಅಕ್ಷರದೊಳಗೇ "ನಾನು" ಇದೆ. ಹೇಳಿದರೆ ಜಂಬವೂ ಅನ್ನಿಸುವುದಿಲ್ಲ. ತಂಡದವರು ಮಾಡಿದ್ದನ್ನು ಅವರ ಹೆಸರಿಗೇ ಬಿಡಿ: "ಸ್ಟಿಕ್ಕರ್ ಜಾಗ ಬದಲಿಸುವ ಯೋಚನೆ ರಿಸೆಪ್ಷನ್‌ನವರದು." ಅದರಿಂದ ನಿಮ್ಮ ಪಾಲಿನ ತೂಕ ಹೆಚ್ಚುತ್ತದೆ.

ಅವಳ ಚೀಟಿಗೆ ನಾಲ್ಕು ಕ್ರಿಯಾಪದ ಬಂದವು. ಅವುಗಳ ಹಿಂದೆ ಇದ್ದ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಚೀಟಿಯ ಒಂದೊಂದು ಪದ ಇಷ್ಟನ್ನು ಎಳೆದು ತರಬೇಕು.

*ನಿಂತು ನೋಡಿದೆ.* ಎರಡು ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಹೋಗಿ ರಕ್ತ ತೆಗೆಯುವ ಕುರ್ಚಿಯ ಪಕ್ಕ ನಿಂತಳು. ರಿಸೆಪ್ಷನ್‌ನಲ್ಲಿ ಪ್ರತಿಯೊಬ್ಬರಿಗೂ ಹೆಸರಿನ ಸ್ಟಿಕ್ಕರ್‌ಗಳ ಪಟ್ಟಿ ಕೊಡುತ್ತಾರೆ. ತೆಗೆಯುವವರು ರಕ್ತವನ್ನು ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿಗೂ ರಕ್ತಕಣ ಎಣಿಕೆಯ ನೇರಳೆ ಮುಚ್ಚಳದ ಟ್ಯೂಬಿಗೂ ತುಂಬಿ ಸ್ಟ್ಯಾಂಡಿಗೆ ಸಿಕ್ಕಿಸುತ್ತಾರೆ. ಸ್ಟಿಕ್ಕರ್ ಟ್ರೇಯ ಅಂಚಿಗೆ ಅಂಟಿಕೊಂಡಿರುತ್ತದೆ. ಮೂರು ನಾಲ್ಕು ಜನರದ್ದು ಆದ ಮೇಲೆ ಒಂದೇ ಉಸಿರಿಗೆ ಎಲ್ಲಕ್ಕೂ ಅಂಟಿಸುತ್ತಾರೆ. ತಪ್ಪು ನುಸುಳುತ್ತಿದ್ದದ್ದು ಆ ಸಂದಿಯಲ್ಲಿ.

*ಬದಲಿಸಿದೆ.* ರೋಗಿ ಕುರ್ಚಿಯಿಂದ ಏಳುವ ಮೊದಲೇ, ಅವರ ಕಣ್ಣೆದುರಿಗೇ, ಅವರ ಟ್ಯೂಬಿಗೆ ಸ್ಟಿಕ್ಕರ್. ಒಂದು ಟ್ರೇಯಲ್ಲಿ ಒಬ್ಬರದ್ದು ಮಾತ್ರ.

*ಹೆಸರು ಹೇಳಿಸಿದೆ.* ಮೊದಲು "ಇಂಥವರು ನೀವೇ ಅಲ್ವಾ?" ಎಂದು ಕೇಳುತ್ತಿದ್ದರು. ಸೂಜಿಯ ಭಯದಲ್ಲಿ ಕೂತವರು, ಕಿವಿ ಮಂದವಾದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದರ ಬದಲು "ನಿಮ್ಮ ಹೆಸರು, ವಯಸ್ಸು ಹೇಳಿ" ಎಂದು ಕೇಳುವುದು. ಹೂಂ ಅಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೆಸರು ಒಂದೇ ಆದರೂ ವಯಸ್ಸು ಬೇರೆ ಇರುತ್ತದೆ.

*ಗಡಿಯಾರ ಹಿಡಿದೆ.* ಹಿರಿಯ ಟೆಕ್ನಿಷಿಯನ್ ಒಪ್ಪಲಿಲ್ಲ. "ಇಷ್ಟು ವರ್ಷ ಹಿಂಗೇ ಮಾಡೀವಿ, ಹೊರಗೆ ಸಾಲು ನೋಡು" ಅಂದರು. ಇವಳು ವಾದ ಮಾಡಲಿಲ್ಲ. "ಸರ್, ಹತ್ತು ಜನಕ್ಕೆ ನೀವೇ ಮಾಡಿ, ನಾನು ಟೈಮ್ ನೋಡ್ತೀನಿ" ಅಂದಳು. ಒಬ್ಬರಿಗೆ ಸರಾಸರಿ 20 ಸೆಕೆಂಡ್ ಹೆಚ್ಚಾಯಿತು. ಅವರು ನಿಮಿಷಗಟ್ಟಲೆ ಅಂದುಕೊಂಡಿದ್ದರು.

ಈ ಖಾನೆಯಲ್ಲಿ ಇನ್ನೊಂದು ಬೇಕು: ಬಿಟ್ಟ ದಾರಿ. ಒಂದೇ ಹೆಸರಿನವರ ಟ್ಯೂಬಿಗೆ ಬಣ್ಣದ ಚುಕ್ಕೆ ಇಡೋಣ ಎಂದು ಅವಳಿಗೆ ಮೊದಲು ಹೊಳೆದಿತ್ತು. ಎರಡನೆಯವರು ಬರುವವರೆಗೂ ಒಂದೇ ಹೆಸರು ಎಂದು ಗೊತ್ತಾಗುವುದಿಲ್ಲವಲ್ಲ, ಅಷ್ಟರಲ್ಲಿ ಮೊದಲನೆಯವರದು ಮುಗಿದಿರುತ್ತದೆ ಎಂದು ಕೈಬಿಟ್ಟಳು. ಈ ಒಂದು ವಾಕ್ಯ ಹೇಳಿದಾಗ, ಮಾಡಿದವಳು ಯೋಚಿಸಿ ಮಾಡಿದ್ದಾಳೆ ಎಂದು ಕೇಳುವವರಿಗೆ ಖಾತ್ರಿಯಾಗುತ್ತದೆ. ಬೇರೆಯವರ ಕಥೆ ಕದ್ದು ಹೇಳುವವರಿಗೆ ಬಿಟ್ಟ ದಾರಿ ಗೊತ್ತಿರುವುದಿಲ್ಲ.

7. ಚೀಟಿ ಅಂಗೈ ಅಗಲ, ಪದ ನಲವತ್ತರ ಒಳಗೆ

ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ ತೆಗೆದುಕೊಳ್ಳಿ. ಪೂರ್ತಿ ವಾಕ್ಯ ಬರೆಯಬೇಡಿ. ಬಟ್ಟೆ ನೇತುಹಾಕುವ ಗೂಟದಂಥ ಪದಗಳು ಸಾಕು. ಅವಳ ಕೊನೆಯ ಚೀಟಿ ಇದು:

> ಒಂದೇ ಹೆಸರು
> ಸಂದರ್ಭ: 7–9.30, 60 ಜನ, ಇಬ್ಬರ ರಿಪೋರ್ಟ್ ಅದಲುಬದಲು
> ಹೊಣೆ: ಕಿರಿಯಳು, ಪತ್ರ ಬರಿ ಅಂದ್ರು, ವಾರ ಕೇಳಿದೆ, ಖರ್ಚಿಲ್ಲ
> ಮಾಡಿದ್ದು: ನಿಂತು ನೋಡಿದೆ (2 ಬೆಳಿಗ್ಗೆ) / ಬದಲಿಸಿದೆ (ಏಳೋ ಮೊದಲು) / ಹೆಸರು ಹೇಳಿಸಿದೆ / ಗಡಿಯಾರ ಹಿಡಿದೆ (20 ಸೆ.) / ಚುಕ್ಕೆ ಬಿಟ್ಟೆ
> ಆದದ್ದು: 3 ತಿಂಗಳು, 14ರಿಂದ 3, ಹಾಳೆ ಇನ್ನೂ ಗೋಡೆ ಮೇಲೆ

ಮೊದಲ ದಿನ ಅವಳು ಒಂದೂವರೆ ಪುಟ ಬರೆದು ಬಾಯಿಪಾಠ ಮಾಡಿದ್ದಳು. ಮಧ್ಯದಲ್ಲಿ "ಟ್ಯೂಬಿನ ಬಣ್ಣ ಯಾಕೆ ಬೇರೆ ಬೇರೆ?" ಅಂತ ಕೇಳಿದೆ. ಉತ್ತರ ಕೊಟ್ಟಳು. ಮತ್ತೆ ಕಥೆಗೆ ಮರಳಲು ಆಗಲಿಲ್ಲ. ಮಗ್ಗಿ ತಪ್ಪಿದ ಮಗುವಿನ ಹಾಗೆ ಮೊದಲಿನಿಂದ ಶುರು ಮಾಡಿದಳು. ಬಾಯಿಪಾಠದ ದೋಷ ಇದೇ, ಒಂದು ಕೊಂಡಿ ಕಳಚಿದರೆ ಸರಪಳಿಯೇ ಕೈಬಿಟ್ಟುಹೋಗುತ್ತದೆ. ಗೂಟಗಳಾದರೆ ಯಾವುದರಿಂದ ಬೇಕಾದರೂ ಮತ್ತೆ ಹಿಡಿಯಬಹುದು.

ಭಾಷೆಯ ಬಗ್ಗೆ ಒಂದು ಮಾತು. ಸಂದರ್ಶನ ಇಂಗ್ಲಿಷಿನಲ್ಲಿ ಇದ್ದರೂ ಚೀಟಿ ಕನ್ನಡದಲ್ಲೇ ಇರಲಿ, ಮೊದಲ ಸಲ ಹೇಳುವುದೂ ಕನ್ನಡದಲ್ಲೇ ಆಗಲಿ. ಕಥೆ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷಿನಲ್ಲಿ ಹೇಳಿ, ನಾಲಿಗೆ ಎಡವಿದ ಪದಗಳನ್ನು ಮಾತ್ರ ಚೀಟಿಯ ಅಂಚಿಗೆ ಬರೆದುಕೊಳ್ಳಿ. ಅವಳಿಗೆ ಅಂಥವು ನಾಲ್ಕೇ ಇದ್ದವು.

ಚೀಟಿಯ ಬೆನ್ನಿಗೆ ಎರಡು ಪಟ್ಟಿ. ಒಂದು, ಈ ಕಥೆ ಯಾವ ಪ್ರಶ್ನೆಗಳಿಗೆ ಆಗುತ್ತದೆ. ಎರಡು, ಇದನ್ನು ಕೇಳಿದವರು ಆಮೇಲೆ ಏನು ಕೆದಕಬಹುದು. ಎರಡನೆಯದಕ್ಕೆ ನಾನು ಕೊಟ್ಟ ಮೊದಲ ಏಟು: "ಆ ಮೂರು ತಿಂಗಳಲ್ಲಿ ಹೊಸಬರು ಯಾರಾದರೂ ಸೇರಿದ್ರಾ? ತಪ್ಪು ಅದರಿಂದಲೇ ಕಡಿಮೆ ಆಗಿರಬಹುದಲ್ಲ?" ಸೇರಿದ್ದರು, ಎರಡನೇ ತಿಂಗಳಲ್ಲಿ ಒಬ್ಬರು. "ಹೌದು, ಅದರದ್ದೂ ಪಾಲಿರಬಹುದು. ಆದರೆ ಅವರು ಬರುವ ಮೊದಲಿನ ತಿಂಗಳಲ್ಲೇ ಒಂದೇ ತಪ್ಪು ಆಗಿತ್ತು" ಎಂಬ ಉತ್ತರ ರಿಜಿಸ್ಟರಿನಿಂದ ಸಿಕ್ಕಿತು.

8. ಒಂದು ಚೀಟಿ, ಹಲವು ಪ್ರಶ್ನೆ: ತೂಕ ಮಾತ್ರ ಬದಲಿಸಿ

ಹಿರಿಯರ ಜತೆ ಭಿನ್ನಾಭಿಪ್ರಾಯ ಕೇಳಿದರೆ ಗಡಿಯಾರದ ಭಾಗವನ್ನು ಹಿಗ್ಗಿಸಿ. ಕೆಲಸದ ಕ್ರಮ ಸುಧಾರಿಸಿದ್ದು ಕೇಳಿದರೆ ನಿಂತು ನೋಡಿದ್ದನ್ನು. ಹೇಳದೇ ಹೊಣೆ ಹೊತ್ತದ್ದು ಕೇಳಿದರೆ ಪತ್ರದ ಸಾಲಿನ ಮುಂದೆ ಕೈ ನಿಂತ ಗಳಿಗೆಯನ್ನು. ಚೀಟಿ ಅದೇ.

ಆದರೆ "ನಿಮ್ಮ ತಪ್ಪು ಹೇಳಿ" ಎಂದಾಗ ಈ ಚೀಟಿ ಎತ್ತಬೇಡಿ. ಇದರಲ್ಲಿ ತಪ್ಪು ಬೇರೆಯವರದು. ಅದಕ್ಕೆ ಅವಳ "ಐಸ್ ಬಾಕ್ಸ್" ಚೀಟಿ ಇತ್ತು: ಬೆಂಗಳೂರಿಗೆ ಕಳಿಸಬೇಕಾದ ಸ್ಯಾಂಪಲ್ ಅನ್ನು ಐಸ್ ಬಾಕ್ಸಿಗೆ ಹಾಕದೆ ಮೇಜಿನ ಮೇಲೇ ಮರೆತದ್ದು. ತಾನೇ ಫೋನ್ ಮಾಡಿ ರೋಗಿಯನ್ನು ಮತ್ತೆ ಕರೆಸಿ ಬೈಸಿಕೊಂಡದ್ದು. ಅಂದಿನಿಂದ ಬಾಕ್ಸಿನ ಮುಚ್ಚಳದ ಮೇಲೇ ಆ ದಿನದ ಪಟ್ಟಿ ಅಂಟಿಸತೊಡಗಿದ್ದು. ತಪ್ಪಿನ ಚೀಟಿಯಲ್ಲಿ "ಆದದ್ದು" ಖಾನೆ ಗೆಲುವಿನದ್ದೇ ಆಗಬೇಕಿಲ್ಲ. ಏನು ಬದಲಾಯಿತು ಎಂದಿದ್ದರೆ ಸಾಕು. "ನಾನು ಅತಿಯಾಗಿ ಕೆಲಸ ಮಾಡ್ತೀನಿ, ಅದೇ ನನ್ನ ದೋಷ" ಅನ್ನುವವರನ್ನು ಕಂಡು ಆಚೆ ಬದಿಯವರು ಒಳಗೊಳಗೇ ನಗುತ್ತಾರೆ, ನಾನೂ ನಕ್ಕಿದ್ದೇನೆ.

9. ಮೂರು ಉದ್ದದಲ್ಲಿ ಹೇಳಿ ನೋಡಿ

ಫೋನಿನ ರೆಕಾರ್ಡರ್ ಹಾಕಿ. ಚೀಟಿ ಒಂದು ಸಲ ನೋಡಿ, ಬೋರಲಾಗಿ ಇಟ್ಟು, ಎರಡು ನಿಮಿಷದಲ್ಲಿ ಹೇಳಿ. ಆಮೇಲೆ ಒಂದು ನಿಮಿಷದಲ್ಲಿ. ಆಮೇಲೆ 30 ಸೆಕೆಂಡಿನಲ್ಲಿ. ಎರಡು ನಿಮಿಷದ ಹಂಚಿಕೆ ಸಂದರ್ಭಕ್ಕೆ 20 ಸೆಕೆಂಡ್, ಹೊಣೆಗೆ 15, ಮಾಡಿದ್ದಕ್ಕೆ 60, ಆದದ್ದಕ್ಕೆ 25 ಇರಲಿ. ಚಿಕ್ಕದು ಮಾಡುವಾಗ ಮೊದಲು ಸಂದರ್ಭವನ್ನು ಕತ್ತರಿಸಿ, ಆದದ್ದನ್ನು ಮುಟ್ಟಬೇಡಿ.

ಎರಡನೇ ಹಂತದಲ್ಲಿ ಆರು ಚೀಟಿಗಳನ್ನು ಇಸ್ಪೀಟಿನ ಹಾಗೆ ಕಲೆಸಿ. ಮನೆಯಲ್ಲಿ ಯಾರಾದರೂ ಪ್ರಶ್ನೆ ಓದಲಿ, ನೀವು 5 ಸೆಕೆಂಡಿನಲ್ಲಿ ಚೀಟಿ ಆರಿಸಿ. ಅವರಿಗೆ ವಿಷಯ ಗೊತ್ತಿರಬೇಕಿಲ್ಲ. ಅಕ್ಕ ಅಡುಗೆಮನೆಯಿಂದಲೇ ಪ್ರಶ್ನೆ ಓದುತ್ತಿದ್ದಳು. ಕುಕ್ಕರ್ ಕೂಗಿದಾಗ ಮಾತು ನಿಂತು ಮತ್ತೆ ಶುರುವಾಗುತ್ತಿತ್ತು, ಅದೂ ಒಳ್ಳೆಯ ಅಭ್ಯಾಸವೇ ಆಯಿತು.

ರೆಕಾರ್ಡಿಂಗ್ ಕೇಳುವಾಗ ಎರಡನ್ನೇ ಗಮನಿಸಿ. "ನಾವು" ಎಷ್ಟು ಸಲ ಬಂತು, ಎಣಿಸಿ. ಮೂರು ಸಲ ಹೇಳಿದ್ದೂ ಪದಕ್ಕೆ ಪದ ಒಂದೇ ಆಗಿದ್ದರೆ ಬಾಯಿಪಾಠ ಶುರುವಾಗಿದೆ ಎಂದರ್ಥ. ಆ ಚೀಟಿಯನ್ನು ಎರಡು ದಿನ ಮುಟ್ಟಬೇಡಿ.

10. ಎಲ್ಲದಕ್ಕೂ ಇದನ್ನೇ ಹಚ್ಚಬೇಡಿ

"ಈ ಕೆಲಸ ಯಾಕೆ ಬೇಕು?", "ಸಂಬಳ ಎಷ್ಟು ನಿರೀಕ್ಷೆ?", "ಬೂದು ಮುಚ್ಚಳದ ಟ್ಯೂಬಿನಲ್ಲಿ ಏನಿರುತ್ತದೆ?" ಇಂಥವಕ್ಕೆ ನೇರ ಉತ್ತರ ಬೇಕು. ಅಭಿಪ್ರಾಯ ಕೇಳಿದಾಗ ಕಥೆ ಹೇಳಿದರೆ ಜಾರಿಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. "ಹೀಗಾದರೆ ಏನು ಮಾಡ್ತೀರಿ?" ಎಂಬ ಕಲ್ಪಿತ ಪ್ರಶ್ನೆಗೆ ಮೊದಲು ಏನು ಮಾಡುತ್ತೀರಿ ಎಂದು ಹೇಳಿ, ಹೊಂದುವಂಥದ್ದು ಇದ್ದರೆ ಮಾತ್ರ 30 ಸೆಕೆಂಡಿನ ಚೀಟಿ ಸೇರಿಸಿ.

11. ಆ ಬೆಳಿಗ್ಗೆ

ಪೂರ್ತಿ ಓದಬೇಡಿ. ಆರು ಹೆಸರು, ಪ್ರತಿಯೊಂದರ ಮೊದಲ ಗೂಟ, ಕೊನೆಯ ಅಂಕಿ. ಬಸ್ಸಿನಲ್ಲಿ ಐದು ನಿಮಿಷದ ಕೆಲಸ. ಚೀಟಿ ಬ್ಯಾಗಿನಲ್ಲಿ ಇರಲಿ, ಕೈಯಲ್ಲಿ ಬೇಡ.

ಅವಳು ಒಳಗೆ 35 ನಿಮಿಷ ಇದ್ದಳು. "ಒಂದೇ ಹೆಸರು" ಎರಡನೇ ಪ್ರಶ್ನೆಗೇ ಹೊರಬಂತಂತೆ. ಹೇಳಿ ಮುಗಿಸಿದ ಮೇಲೆ, ಅಷ್ಟೊತ್ತೂ ಸುಮ್ಮನೆ ಬರೆದುಕೊಳ್ಳುತ್ತಿದ್ದ ಹಿರಿಯ ನರ್ಸ್ ಒಬ್ಬರು ತಲೆ ಎತ್ತಿ ಕೇಳಿದರಂತೆ: "ಒಬ್ಬರಿಗೆ 20 ಸೆಕೆಂಡ್ ಅಂದ್ರೆ 60 ಜನಕ್ಕೆ 20 ನಿಮಿಷ ಆಯ್ತಲ್ಲಮ್ಮ. ಆ 20 ನಿಮಿಷ ಎಲ್ಲಿಂದ ತಂದೆ?"

ಇದು ಚೀಟಿಯ ಬೆನ್ನಿನಲ್ಲಿ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಅವಳು ಒಂದು ಕ್ಷಣ ಆ ಬೆಳಿಗ್ಗೆಗಳನ್ನು ನೆನಪಿಸಿಕೊಂಡು ಹೇಳಿದ್ದು: "ಮೊದಲು ಮೂರು ನಾಲ್ಕು ಜನಕ್ಕೊಮ್ಮೆ ಸ್ಟಿಕ್ಕರ್ ಅಂಟಿಸೋಕೆ ಒಟ್ಟು ಕಾಲು ಗಂಟೆ ಹಿಡೀತಿತ್ತು ಮೇಡಂ, ಅದು ಉಳೀತು. ಮಿಕ್ಕ ಐದು ನಿಮಿಷ ನಿಜವಾಗ್ಲೂ ತಡ ಆಗ್ತಿತ್ತು." ಅವರು ತಲೆಯಾಡಿಸಿ ಬರೆದುಕೊಂಡರಂತೆ.

ಹೊರಗೆ ಬಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಕಾಫಿ ತಣ್ಣಗಾಗಲು ಬಿಟ್ಟು, ಆ ಪ್ರಶ್ನೆಯನ್ನು ಚೀಟಿಯ ಬೆನ್ನಿಗೆ ಬರೆದು ನನಗೆ ಫೋಟೊ ಕಳಿಸಿದಳು. ಮುಂದಿನ ವಾರ ಇನ್ನೊಂದು ಕಡೆ ಕರೆ ಇತ್ತು.